ಸೋಡಿಯಂ ನಕ್ಷೆಯ ಇಳಿಜಾರು

ಸೋಡಿಯಂ ಮೆತ್ತನೆಯ ಲೋಹ. ಚಾಕುವಿನಿಂದ ಸೀಳಿದರೆ ಒಳಮೈ ಬೆಳ್ಳಗೆ ಹೊಳೆಯುತ್ತದೆ. ಆದರೆ ಆ ಹೊಳಪು ಬಾಳುವುದು ಕೆಲವೇ ಕ್ಷಣ. ಗಾಳಿಯ ಆಮ್ಲಜನಕ ಮತ್ತು ತೇವ ತಾಗಿದ ಕೂಡಲೇ ಅದರ ಮೇಲೆ ಮಂಕು ಪೊರೆ ಕಟ್ಟಿಕೊಳ್ಳುತ್ತದೆ. ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನುಗಳು ಹೇಗೆ ಹೊರಬರುತ್ತವೆ ಎಂದು ಅಳೆಯಲು ಹೊರಟವರಿಗೆ ಈ ಪೊರೆಯೇ ದೊಡ್ಡ ತಲೆನೋವು. ಹೊರಬರುವ ಎಲೆಕ್ಟ್ರಾನು ದಾಟಬೇಕಾದದ್ದು ಲೋಹದ ಮೇಲ್ಮೈಯನ್ನೇ. ಆ ಮೇಲ್ಮೈಯೇ ಗಳಿಗೆಗೊಂದು ಬಗೆಯಾದರೆ ಅಳತೆಗೆ ಅರ್ಥ ಉಳಿಯುವುದಿಲ್ಲ.

ಶಿಕಾಗೊ ವಿಶ್ವವಿದ್ಯಾಲಯದ ರೈಯರ್ಸನ್ ಪ್ರಯೋಗಾಲಯದಲ್ಲಿ ರಾಬರ್ಟ್ ಮಿಲಿಕನ್ ಇದಕ್ಕೆ ಕಂಡುಕೊಂಡ ಉಪಾಯ ವಿಚಿತ್ರವಾಗಿತ್ತು. ಗಾಳಿ ತೆಗೆದ ಗಾಜಿನ ಪಾತ್ರೆಯೊಳಗೆ ಒಂದು ಚಕ್ರ, ಚಕ್ರದ ಮೇಲೆ ಸೋಡಿಯಂ, ಪೊಟ್ಯಾಸಿಯಂ ಮತ್ತು ಲಿಥಿಯಂ ತುಂಡುಗಳು, ಪಕ್ಕದಲ್ಲೇ ಒಂದು ಚಾಕು. ಹೊರಗಿನಿಂದ ವಿದ್ಯುತ್ಕಾಂತ ಹಿಡಿದು ಚಕ್ರವನ್ನು ತಿರುಗಿಸಬಹುದು, ಚಾಕುವನ್ನು ಮುಂದಕ್ಕೆ ತಂದು ಲೋಹದ ಮೈಯನ್ನು ತೆಳುವಾಗಿ ಹೆರೆಯಬಹುದು. ಹೆರೆದ ಮೈಯನ್ನು ಬೆಳಕಿನ ಕಿಂಡಿಯ ಎದುರಿಗೆ ತಿರುಗಿಸಿ, ಅದು ಹಾಳಾಗುವ ಮುನ್ನ ಅಳತೆ ತೆಗೆಯಬಹುದು. ನಿರ್ವಾತದೊಳಗೇ ಒಂದು ಯಂತ್ರಾಗಾರ ಎಂದರೆ ತಪ್ಪಿಲ್ಲ. ಇಷ್ಟು ಸಾಹಸ ಮಾಡಿ 1916ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ತಿರುಳು ಒಂದು ನಕ್ಷೆ. ಆ ನಕ್ಷೆಯಲ್ಲಿ ಕೆಲವು ಬಿಂದುಗಳು, ಅವುಗಳ ಮೂಲಕ ಹಾಯ್ದ ಒಂದು ಸರಳರೇಖೆ.

ಆ ರೇಖೆ ಏಕೆ ಸರಳವಾಗಿರಬೇಕು, ಅದರ ಇಳಿಜಾರು ಎಲ್ಲ ಲೋಹಗಳಿಗೂ ಏಕೆ ಒಂದೇ ಆಗಿರಬೇಕು? ಬೆಳಕನ್ನು ಬರಿಯ ಅಲೆ ಎಂದು ತಿಳಿದರೆ ಈ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲ. ಆ ಉತ್ತರದ ಕೊರತೆ ಎಷ್ಟು ಆಳವಾದದ್ದು ಎಂದು ತಿಳಿಯಲು ಈ ನಕ್ಷೆಗಿಂತ ಮೊದಲು ಬಂದ ಇನ್ನೊಂದು ನಕ್ಷೆಯಿಂದ ಶುರುಮಾಡಬೇಕು.

1887ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಹೈನ್ರಿಕ್ ಹರ್ಟ್ಸ್ ರೇಡಿಯೋ ಅಲೆಗಳನ್ನು ಹುಟ್ಟಿಸುತ್ತಿದ್ದಾಗ ಒಂದು ವಿಷಯ ಗಮನಿಸಿದರು. ಅತಿನೇರಳೆ ಬೆಳಕು ಬಿದ್ದರೆ ಎರಡು ಲೋಹದ ತುದಿಗಳ ನಡುವೆ ಕಿಡಿ ಹೆಚ್ಚು ಸಲೀಸಾಗಿ ಹಾರುತ್ತಿತ್ತು. ನಡುವೆ ಗಾಜು ಹಿಡಿದರೆ ಆ ಪ್ರಭಾವ ನಿಲ್ಲುತ್ತಿತ್ತು, ಸ್ಫಟಿಕಶಿಲೆಯ ಹಾಳೆ ಹಿಡಿದರೆ ನಿಲ್ಲುತ್ತಿರಲಿಲ್ಲ. ಬೆಳಕು ವಿದ್ಯುತ್ಕಾಂತೀಯ ಅಲೆ ಎಂದು ಸಾಬೀತು ಮಾಡಿದ ಪ್ರಯೋಗಗಳ ಸಾಲಿನಲ್ಲೇ ಅಲೆಯ ಸಿದ್ಧಾಂತಕ್ಕೆ ದಕ್ಕದ ಸಂಗತಿಯೊಂದು ಕಾಣಿಸಿಕೊಂಡಿತು. ಮರುವರ್ಷ ವಿಲ್ಹೆಲ್ಮ್ ಹಾಲ್‌ವಾಕ್ಸ್, ಋಣ ವಿದ್ಯುದಂಶ ತುಂಬಿದ ಸತುವಿನ ತಗಡು ಅತಿನೇರಳೆ ಬೆಳಕಿನಲ್ಲಿ ತನ್ನ ವಿದ್ಯುದಂಶ ಕಳೆದುಕೊಳ್ಳುವುದನ್ನೂ ಧನ ವಿದ್ಯುದಂಶ ತುಂಬಿದ ತಗಡು ಕಳೆದುಕೊಳ್ಳದಿರುವುದನ್ನೂ ತೋರಿಸಿದರು. 1899ರಲ್ಲಿ ಜೆ.ಜೆ. ಥಾಮ್ಸನ್ ಹೊರಬರುತ್ತಿರುವುದು ಎಲೆಕ್ಟ್ರಾನುಗಳೇ ಎಂದು ಖಚಿತಪಡಿಸಿದರು. ಎಲೆಕ್ಟ್ರಾನು ಎಂದು ಗೊತ್ತಾದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಅದು ಎಷ್ಟು ಶಕ್ತಿ ಹೊತ್ತು ಹೊರಬರುತ್ತದೆ?

ಇದನ್ನು 1902ರಲ್ಲಿ ಫಿಲಿಪ್ ಲೆನಾರ್ಡ್ ಅಳೆದರು. ವಿಧಾನ ಸರಳ. ನಿರ್ವಾತದಲ್ಲಿ ಎರಡು ಲೋಹದ ತಗಡುಗಳು. ಒಂದರ ಮೇಲೆ ಬೆಳಕು ಬೀಳುತ್ತದೆ, ಅದನ್ನು ಉತ್ಸರ್ಜಕ ಎನ್ನೋಣ. ಎದುರಿಗಿರುವುದು ಸಂಗ್ರಾಹಕ. ಎರಡನ್ನೂ ಹೊರಗಿನಿಂದ ಬ್ಯಾಟರಿಗೂ ಸೂಕ್ಷ್ಮ ವಿದ್ಯುತ್ ಮಾಪಕಕ್ಕೂ ಜೋಡಿಸಲಾಗಿದೆ. ಸಂಗ್ರಾಹಕವನ್ನು ಧನವಾಗಿಟ್ಟರೆ ಅದು ಎಲೆಕ್ಟ್ರಾನುಗಳನ್ನು ಸೆಳೆಯುತ್ತದೆ. ವೋಲ್ಟೇಜ್ ಏರಿಸುತ್ತ ಹೋದಂತೆ ಪ್ರವಾಹವೂ ಏರಿ, ಒಂದು ಹಂತದಲ್ಲಿ ನಿಂತುಬಿಡುತ್ತದೆ. ಹೊರಬಂದ ಎಲೆಕ್ಟ್ರಾನುಗಳೆಲ್ಲ ಸಂಗ್ರಾಹಕಕ್ಕೆ ಸೇರಿಯಾಗಿದೆ, ಇನ್ನು ಸೆಳೆಯಲು ಯಾವುದೂ ಉಳಿದಿಲ್ಲ ಎಂದು ಅರ್ಥ. ಇದು ಸಂತೃಪ್ತ ಪ್ರವಾಹ. ಪ್ರತಿ ಸೆಕೆಂಡಿಗೆ ಎಷ್ಟು ಎಲೆಕ್ಟ್ರಾನುಗಳು ಹೊರಬರುತ್ತಿವೆ ಎಂಬುದರ ನೇರ ಅಳತೆ ಅದು.

ಈಗ ಬ್ಯಾಟರಿಯನ್ನು ತಿರುಗಿಸಿ ಸಂಗ್ರಾಹಕವನ್ನು ಋಣವಾಗಿಸಿದರೆ ಅದು ಎಲೆಕ್ಟ್ರಾನುಗಳನ್ನು ಹಿಂದಕ್ಕೆ ತಳ್ಳುತ್ತದೆ. ಮೇಲಕ್ಕೆ ಎಸೆದ ಕಲ್ಲು ಎಷ್ಟು ಎತ್ತರ ಏರಿತು ಎಂದು ನೋಡಿ ಎಸೆದ ವೇಗವನ್ನು ಹೇಳಬಹುದಲ್ಲ, ಇಲ್ಲಿಯೂ ಹಾಗೆಯೇ. ಋಣ ವೋಲ್ಟೇಜ್ ಹೆಚ್ಚಿದಂತೆ ನಿಧಾನದ ಎಲೆಕ್ಟ್ರಾನುಗಳು ಮೊದಲು ಹಿಂತಿರುಗುತ್ತವೆ, ವೇಗದವು ಇನ್ನೂ ತಲುಪುತ್ತಿರುತ್ತವೆ. ಕೊನೆಗೆ ಅತ್ಯಂತ ವೇಗದ ಎಲೆಕ್ಟ್ರಾನೂ ಸೋತು ಪ್ರವಾಹ ಸೊನ್ನೆಯಾಗುತ್ತದೆ. ಆ ವೋಲ್ಟೇಜೇ ನಿಲುಗಡೆ ವಿಭವ. ಅದು 1 ವೋಲ್ಟ್ ಆಗಿದ್ದರೆ ಅತಿ ವೇಗದ ಎಲೆಕ್ಟ್ರಾನಿನ ಚಲನಶಕ್ತಿ 1 ಎಲೆಕ್ಟ್ರಾನ್‌ವೋಲ್ಟ್. ಈ ಅಳತೆಯ ಸೊಗಸು ಇಲ್ಲಿದೆ: ಎಲೆಕ್ಟ್ರಾನಿನ ವೇಗವನ್ನು ಅಳೆಯುವ ಗೊಡವೆಯೇ ಇಲ್ಲ, ವೋಲ್ಟ್‌ಮೀಟರಿನ ಮುಳ್ಳು ಶಕ್ತಿಯನ್ನೇ ಹೇಳುತ್ತದೆ.

ಲೆನಾರ್ಡ್ ಇಂಗಾಲದ ಆರ್ಕ್ ದೀಪ ಬಳಸಿ ಬೆಳಕಿನ ತೀವ್ರತೆಯನ್ನು ಸುಮಾರು ಸಾವಿರ ಪಟ್ಟು ಬದಲಿಸಿದರು. ಪ್ರವಾಹ ತೀವ್ರತೆಯೊಂದಿಗೆ ಏರಿತು, ಅದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿದ್ದದ್ದು ವೋಲ್ಟೇಜಿಗೆ ಎದುರಾಗಿ ಪ್ರವಾಹವನ್ನು ಬರೆದ ನಕ್ಷೆಯ ಎಡತುದಿಯಲ್ಲಿ. ಮಂದ ಬೆಳಕಿನ ವಕ್ರರೇಖೆ, ಪ್ರಖರ ಬೆಳಕಿನ ವಕ್ರರೇಖೆ ಬಲಗಡೆ ಬೇರೆಬೇರೆ ಎತ್ತರದಲ್ಲಿ ನಿಂತಿದ್ದರೂ ಎಡಗಡೆ ಇಳಿದು ಬಂದು ವೋಲ್ಟೇಜ್ ಅಕ್ಷವನ್ನು ಒಂದೇ ಬಿಂದುವಿನಲ್ಲಿ ಮುಟ್ಟಿದವು. ಬೆಳಕನ್ನು ಎಷ್ಟು ಹೆಚ್ಚಿಸಿದರೂ ಒಂದೊಂದು ಎಲೆಕ್ಟ್ರಾನಿಗೆ ಸಿಗುವ ಗರಿಷ್ಠ ಶಕ್ತಿ ಬದಲಾಗಲಿಲ್ಲ. ಹೊರಬರುವ ಎಲೆಕ್ಟ್ರಾನುಗಳ ಸಂಖ್ಯೆ ಮಾತ್ರ ಹೆಚ್ಚಿತು.

ಇದು ಅಲೆಯ ಸಿದ್ಧಾಂತಕ್ಕೆ ಎಷ್ಟು ದೊಡ್ಡ ಪೆಟ್ಟು ಎಂದು ಅಂಕಿಗಳಲ್ಲಿ ನೋಡುವುದು ಒಳ್ಳೆಯದು. ಅಲೆಯಾದ ಬೆಳಕಿನಲ್ಲಿ ವಿದ್ಯುತ್ ಕ್ಷೇತ್ರ ಹಿಂದುಮುಂದಾಗಿ ಆಂದೋಲಿಸುತ್ತದೆ, ಎಲೆಕ್ಟ್ರಾನನ್ನು ಅಲುಗಿಸುವುದು ಆ ಕ್ಷೇತ್ರವೇ. ಬೆಳಕು ತೀವ್ರವಾದಷ್ಟೂ ಕ್ಷೇತ್ರ ದೊಡ್ಡದು, ಅಲುಗಾಟ ಜೋರು. ಹಾಗಾಗಿ ತೀವ್ರತೆ ಹೆಚ್ಚಿದರೆ ನಿಲುಗಡೆ ವಿಭವ ಹೆಚ್ಚಲೇಬೇಕು. ಇನ್ನೂ ಮುಂದೆ ಹೋಗೋಣ. ನಡುಹಗಲ ಬಿಸಿಲು ಪ್ರತಿ ಚದರ ಮೀಟರಿಗೆ ಸುಮಾರು 1000 ವ್ಯಾಟ್ ಶಕ್ತಿ ತರುತ್ತದೆ. ಅಷ್ಟು ತೀವ್ರತೆಯ ಅಲೆಯ ವಿದ್ಯುತ್ ಕ್ಷೇತ್ರದ ಗರಿಷ್ಠ ಮೌಲ್ಯ ಮೀಟರಿಗೆ ಸುಮಾರು 870 ವೋಲ್ಟ್. 500 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ ಒಂದು ಬಿಡಿ ಎಲೆಕ್ಟ್ರಾನನ್ನು ಒಡ್ಡಿದರೆ ಈ ಕ್ಷೇತ್ರ ಅದಕ್ಕೆ ಕೊಡಬಲ್ಲ ಆಂದೋಲನದ ವೇಗ ಸೆಕೆಂಡಿಗೆ ಸುಮಾರು 4 ಸೆಂಟಿಮೀಟರ್. 1 ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಎಲೆಕ್ಟ್ರಾನಿನ ವೇಗವಾದರೋ ಸೆಕೆಂಡಿಗೆ ಸುಮಾರು 600 ಕಿಲೋಮೀಟರ್. ಇರುವೆಯ ನಡಿಗೆಗೆ ಹತ್ತಿರದ ವೇಗವೆಲ್ಲಿ, ಪ್ರಯೋಗದಲ್ಲಿ ಕಂಡ ವೇಗವೆಲ್ಲಿ. ಅಷ್ಟೇ ಅಲ್ಲ, ಕ್ಷೇತ್ರ ಅಷ್ಟೇ ಇದ್ದು ಆವೃತ್ತಿ ಹೆಚ್ಚಿದರೆ ಈ ಆಂದೋಲನದ ವೇಗ ಇನ್ನೂ ಕಡಿಮೆಯಾಗುತ್ತದೆ, ಏಕೆಂದರೆ ಕ್ಷೇತ್ರ ದಿಕ್ಕು ಬದಲಿಸುವ ಮುನ್ನ ಎಲೆಕ್ಟ್ರಾನಿಗೆ ಓಡಲು ಸಿಗುವ ಸಮಯ ಕಡಿಮೆ. ಪ್ರಯೋಗದಲ್ಲಿ ಕಂಡದ್ದು ಇದಕ್ಕೆ ಪೂರ್ತಿ ತದ್ವಿರುದ್ಧ: ಆವೃತ್ತಿ ಹೆಚ್ಚಿದಂತೆ ಎಲೆಕ್ಟ್ರಾನಿನ ಶಕ್ತಿ ಹೆಚ್ಚುತ್ತದೆ. ಅಲೆಯ ಲೆಕ್ಕ ಇಲ್ಲಿ ಪ್ರಮಾಣದಲ್ಲಿ ಮಾತ್ರವಲ್ಲ, ದಿಕ್ಕಿನಲ್ಲೇ ತಪ್ಪುತ್ತದೆ.

ಲೆನಾರ್ಡ್‌ಗೆ ಈ ಕಷ್ಟ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಅವರು ಬೇರೆ ದಾರಿ ಹಿಡಿದರು. ಎಲೆಕ್ಟ್ರಾನುಗಳು ಪರಮಾಣುವಿನೊಳಗೆ ಮೊದಲೇ ಆ ವೇಗದಲ್ಲಿ ಚಲಿಸುತ್ತಿವೆ, ಬೆಳಕು ಅವುಗಳಿಗೆ ಶಕ್ತಿ ಕೊಡುವುದಿಲ್ಲ, ಹೊಂದುವ ಆವೃತ್ತಿ ಸಿಕ್ಕಾಗ ಬಾಗಿಲು ತೆರೆದು ಹೊರಗೆ ಬಿಡುತ್ತದೆ ಅಷ್ಟೆ ಎಂದು ಊಹಿಸಿದರು. ಆ ಕಾಲಕ್ಕೆ ಇದು ಅಸಂಬದ್ಧ ಊಹೆಯೇನಲ್ಲ. ತೀವ್ರತೆಗೂ ಶಕ್ತಿಗೂ ಸಂಬಂಧವಿಲ್ಲ ಎಂಬುದನ್ನು ಅದು ಚೆನ್ನಾಗಿಯೇ ವಿವರಿಸುತ್ತಿತ್ತು. ಆದರೆ ಅನುರಣನ ಎಂಬುದು ಕೆಲವು ಆಯ್ದ ಆವೃತ್ತಿಗಳಲ್ಲಿ ಮಾತ್ರ ಆಗಬೇಕು. ಎಲ್ಲ ಆವೃತ್ತಿಗಳಲ್ಲೂ ಒಂದೇ ನಿಯಮದಂತೆ ಏರುವ ಶಕ್ತಿಯನ್ನು ಅದು ವಿವರಿಸಲಾರದು. ಹಾಗೆ ಏರುತ್ತದೆಯೇ ಎಂಬುದು ಮಾತ್ರ ಆಗ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ.

1905ರಲ್ಲಿ ಬರ್ನ್‌ನ ಪೇಟೆಂಟ್ ಕಚೇರಿಯಲ್ಲಿದ್ದ ಆಲ್ಬರ್ಟ್ ಐನ್‌ಸ್ಟೈನ್ ಅಳತೆಗೆ ಮುಂಚೆಯೇ ಉತ್ತರ ಬರೆದರು. ಬೆಳಕಿನ ಶಕ್ತಿ ಅಲೆಯಲ್ಲಿ ಹರಡಿಕೊಂಡಿಲ್ಲ, hν ಅಳತೆಯ ಗಂಟುಗಳಾಗಿ ಬರುತ್ತದೆ ಎಂದು ಇಟ್ಟುಕೊಳ್ಳಿ. ಇಲ್ಲಿ ν ಎಂದರೆ ಆವೃತ್ತಿ, h ಎಂದರೆ ಪ್ಲಾಂಕ್ ಸ್ಥಿರಾಂಕ. ಒಂದು ಗಂಟು ಒಂದು ಎಲೆಕ್ಟ್ರಾನಿಗೆ ತನ್ನ ಶಕ್ತಿಯನ್ನು ಇಡಿಯಾಗಿ ಕೊಡುತ್ತದೆ. ಲೋಹದಿಂದ ಹೊರಬರಲು ಎಲೆಕ್ಟ್ರಾನು ಕನಿಷ್ಠ ಒಂದಿಷ್ಟು ಶಕ್ತಿ ತೆರಬೇಕು. ಅದನ್ನು ಕಾರ್ಯಫಲನ ಎನ್ನುತ್ತಾರೆ, ಗುರುತು φ. ತೆತ್ತು ಉಳಿದದ್ದು ಚಲನಶಕ್ತಿ. ಅದನ್ನೇ ನಿಲುಗಡೆ ವಿಭವದ ರೂಪದಲ್ಲಿ ಬರೆದರೆ

V₀ = (h/e)ν − φ/e

ಆಗುತ್ತದೆ. ಇಲ್ಲಿ e ಎಲೆಕ್ಟ್ರಾನಿನ ವಿದ್ಯುದಂಶ. ತೀವ್ರತೆ ಈ ಸೂತ್ರದಲ್ಲಿ ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಿ. ತೀವ್ರತೆ ಹೆಚ್ಚೆಂದರೆ ಗಂಟುಗಳು ಹೆಚ್ಚು ಎಂದಷ್ಟೇ, ಒಂದೊಂದು ಗಂಟಿನ ಗಾತ್ರ ಬದಲಾಗುವುದಿಲ್ಲ. ಆವೃತ್ತಿ ಕಡಿಮೆಯಾಗಿ hν ಎಂಬುದು φಗಿಂತ ಚಿಕ್ಕದಾದರೆ ಎಲೆಕ್ಟ್ರಾನು ಹೊರಬರುವುದೇ ಇಲ್ಲ. ಆ ಗಡಿಯೇ ಹೊಸ್ತಿಲು ಆವೃತ್ತಿ. ಅದಕ್ಕಿಂತ ಕೆಳಗಿನ ಬೆಳಕನ್ನು ಎಷ್ಟು ಪ್ರಖರವಾಗಿ ಸುರಿದರೂ, ಸಂಗ್ರಾಹಕವನ್ನು ಎಷ್ಟು ಧನವಾಗಿಟ್ಟು ಸೆಳೆದರೂ ಪ್ರವಾಹ ಸಿಗುವುದಿಲ್ಲ.

ಸೂತ್ರದಲ್ಲಿ ಲೋಹದ ಗುರುತು ಇರುವುದು φ ಒಂದರಲ್ಲಿ. h ಮತ್ತು e ಎರಡಕ್ಕೂ ಯಾವ ಲೋಹದ ಹಂಗೂ ಇಲ್ಲ. ಹಾಗಾಗಿ ಆವೃತ್ತಿಯನ್ನು ಅಡ್ಡ ಅಕ್ಷದಲ್ಲೂ ನಿಲುಗಡೆ ವಿಭವವನ್ನು ಲಂಬ ಅಕ್ಷದಲ್ಲೂ ಇಟ್ಟು ನಕ್ಷೆ ಬರೆದರೆ ಸರಳರೇಖೆ ಬರಬೇಕು. ಬೇರೆ ಲೋಹಕ್ಕೆ ಬೇರೆ ರೇಖೆ, ಆದರೆ ಎಲ್ಲವೂ ಒಂದಕ್ಕೊಂದು ಸಮಾಂತರ. ಐನ್‌ಸ್ಟೈನ್ ಇದನ್ನು ತಮ್ಮ ಲೇಖನದಲ್ಲೇ ಸ್ಪಷ್ಟವಾಗಿ ಹೇಳಿದ್ದರು. ಸಿದ್ಧಾಂತವೊಂದು ತಾನು ಸುಳ್ಳಾಗುವ ದಾರಿಯನ್ನು ಇಷ್ಟು ಬಿಚ್ಚಿ ಹೇಳುವುದು ಅಪರೂಪ.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿಯೇ ನೋಡೋಣ. ಸೋಡಿಯಂನ ಕಾರ್ಯಫಲನ ಸುಮಾರು 2.3 ಎಲೆಕ್ಟ್ರಾನ್‌ವೋಲ್ಟ್. ಪಾದರಸದ ದೀಪ ಕೆಲವೇ ಖಚಿತ ಬಣ್ಣಗಳನ್ನು ಹೊಮ್ಮಿಸುವುದರಿಂದ ಈ ಪ್ರಯೋಗಕ್ಕೆ ಅನುಕೂಲ. ಅದರ ಹಸಿರು ಗೆರೆ 546 ನ್ಯಾನೋಮೀಟರ್‌ನಲ್ಲಿದೆ, ಆ ಬೆಳಕಿನ ಒಂದು ಗಂಟಿನ ಶಕ್ತಿ 2.27 ಎಲೆಕ್ಟ್ರಾನ್‌ವೋಲ್ಟ್. 2.3ಕ್ಕೆ ಕೂದಲೆಳೆಯಷ್ಟು ಕಡಿಮೆ, ಆದ್ದರಿಂದ ಎಲೆಕ್ಟ್ರಾನು ಬರುವುದಿಲ್ಲ. 436 ನ್ಯಾನೋಮೀಟರ್‌ನ ನೀಲಿ ಗೆರೆಯ ಗಂಟು 2.84 ಎಲೆಕ್ಟ್ರಾನ್‌ವೋಲ್ಟ್. 2.3 ತೆತ್ತ ಮೇಲೆ 0.54 ಉಳಿಯುತ್ತದೆ, ನಿಲುಗಡೆ ವಿಭವ 0.54 ವೋಲ್ಟ್. ಅತಿನೇರಳೆಯಲ್ಲಿರುವ 365 ನ್ಯಾನೋಮೀಟರ್ ಗೆರೆಗೆ ಅದು 1.10 ವೋಲ್ಟ್. ಇನ್ನೂ ದೂರದ 253.7 ನ್ಯಾನೋಮೀಟರ್ ಗೆರೆಗೆ 2.59 ವೋಲ್ಟ್.

ಈಗ ಉಲ್ಟಾ ದಾರಿಯಲ್ಲಿ ಬನ್ನಿ. ಸಿದ್ಧಾಂತ ಗೊತ್ತಿಲ್ಲ, ನಮ್ಮ ಕೈಯಲ್ಲಿ ಕೊನೆಯ ಎರಡು ಅಳತೆಗಳು ಮಾತ್ರ ಇವೆ ಎಂದುಕೊಳ್ಳಿ. 365 ನ್ಯಾನೋಮೀಟರ್ ಎಂದರೆ ಆವೃತ್ತಿ 8.21 × 10¹⁴ ಹರ್ಟ್ಸ್, 253.7 ಎಂದರೆ 11.82 × 10¹⁴ ಹರ್ಟ್ಸ್. ಆವೃತ್ತಿಯ ವ್ಯತ್ಯಾಸ 3.61 × 10¹⁴, ವೋಲ್ಟೇಜಿನ ವ್ಯತ್ಯಾಸ 1.49. ಭಾಗಿಸಿದರೆ ಇಳಿಜಾರು 4.13 × 10⁻¹⁵ ವೋಲ್ಟ್-ಸೆಕೆಂಡ್. ಇದನ್ನು ಎಲೆಕ್ಟ್ರಾನಿನ ವಿದ್ಯುದಂಶ 1.602 × 10⁻¹⁹ ಕೂಲಂಬ್‌ನಿಂದ ಗುಣಿಸಿದರೆ 6.62 × 10⁻³⁴ ಜೂಲ್-ಸೆಕೆಂಡ್. ಅದೇ ಪ್ಲಾಂಕ್ ಸ್ಥಿರಾಂಕ. ಇನ್ನು ರೇಖೆಯನ್ನು ಕೆಳಕ್ಕೆ ಎಳೆದು ಅಡ್ಡ ಅಕ್ಷವನ್ನು ಎಲ್ಲಿ ಮುಟ್ಟುತ್ತದೆ ನೋಡಿದರೆ 5.55 × 10¹⁴ ಹರ್ಟ್ಸ್, ಅಂದರೆ ಸುಮಾರು 540 ನ್ಯಾನೋಮೀಟರ್. ಸೋಡಿಯಂನ ಹೊಸ್ತಿಲು ಅದು. ಕುಲುಮೆಯ ಕಾವಿನಲ್ಲಿ ಬೆಳಕಿನ ಬಣ್ಣಗಳು ಹೇಗೆ ಹಂಚಿಕೊಳ್ಳುತ್ತವೆ ಎಂದು ವಿವರಿಸಲು 1900ರಲ್ಲಿ ಪ್ಲಾಂಕ್ ತಂದ ಸಂಖ್ಯೆ, ಕುಲುಮೆಗೆ ಸಂಬಂಧವೇ ಇಲ್ಲದ ತಣ್ಣನೆಯ ಲೋಹದ ನಕ್ಷೆಯಲ್ಲಿ ಇಳಿಜಾರಾಗಿ ಕುಳಿತಿದೆ. ನನಗೆ ಈ ಇಡೀ ಕಥೆಯಲ್ಲಿ ಅತಿ ಹೆಚ್ಚು ಮನಸ್ಸು ತುಂಬುವುದು ಇದೇ.

ಕಾಗದದ ಮೇಲೆ ಎರಡು ಬಿಂದು ಸಾಕು. ಪ್ರಯೋಗಾಲಯದಲ್ಲಿ ಹತ್ತು ವರ್ಷ ಸಾಲಲಿಲ್ಲ. ಆರಂಭದ ಅಳತೆಗಳು ಅತಿನೇರಳೆಯ ಇಕ್ಕಟ್ಟಾದ ಪಟ್ಟಿಯಲ್ಲೇ ಇದ್ದವು. ಅಷ್ಟು ಚಿಕ್ಕ ತುಂಡಿನಲ್ಲಿ ಸರಳರೇಖೆಗೂ ವಕ್ರರೇಖೆಗೂ ವ್ಯತ್ಯಾಸ ಕಾಣುವುದಿಲ್ಲ. ನಿಲುಗಡೆ ವಿಭವ ಆವೃತ್ತಿಯ ಜೊತೆ ಏರುತ್ತದೆಯೋ ಅಥವಾ ಆವೃತ್ತಿಯ ವರ್ಗದ ಜೊತೆ ಏರುತ್ತದೆಯೋ ಎಂದು ವಾದ ನಡೆಯುತ್ತಿತ್ತು, ಎರಡೂ ಬಿಂದುಗಳಿಗೆ ಹೊಂದುತ್ತಿದ್ದವು. ಮಿಲಿಕನ್ ಕ್ಷಾರ ಲೋಹಗಳನ್ನು ಆರಿಸಿಕೊಂಡದ್ದು ಇದಕ್ಕಾಗಿಯೇ. ಅವುಗಳ ಹೊಸ್ತಿಲು ಕಣ್ಣಿಗೆ ಕಾಣುವ ಬೆಳಕಿನಲ್ಲೇ ಇರುವುದರಿಂದ ಅಲ್ಲಿಂದ ದೂರದ ಅತಿನೇರಳೆಯವರೆಗೆ ಉದ್ದವಾದ ರೇಖೆ ಎಳೆಯಬಹುದು. ರೇಖೆ ಉದ್ದವಾದಷ್ಟೂ ಬಾಗಿದ್ದರೆ ಅದು ಬಯಲಾಗುತ್ತದೆ. ಮಿಲಿಕನ್ನರ ರೇಖೆ ಬಾಗಲಿಲ್ಲ. ಅದರಿಂದ ಅವರು ಪಡೆದ h ಮೌಲ್ಯ 6.57 × 10⁻²⁷ ಅರ್ಗ್-ಸೆಕೆಂಡ್, ಇಂದಿನ ಅಳತೆಯಲ್ಲಿ 6.57 × 10⁻³⁴ ಜೂಲ್-ಸೆಕೆಂಡ್. ಇಂದಿನ ಮೌಲ್ಯ 6.626. ವ್ಯತ್ಯಾಸ ಶೇಕಡಾ ಒಂದಕ್ಕಿಂತಲೂ ಕಡಿಮೆ.

ಆದರೆ ನಿಲುಗಡೆ ವಿಭವವನ್ನು ಓದುವಾಗ ಎದುರಾಗುವ ಎರಡು ತೊಡಕುಗಳನ್ನು ಹೇಳದೆ ಮುಂದೆ ಹೋಗಬಾರದು. ಪಿಯುಸಿ ಪುಸ್ತಕದ ನಕ್ಷೆಯಲ್ಲಿ ವಕ್ರರೇಖೆ ಬಂದು ಅಕ್ಷವನ್ನು ಚೊಕ್ಕವಾಗಿ ಕತ್ತರಿಸುತ್ತದೆ. ನಿಜವಾದ ಉಪಕರಣದಲ್ಲಿ ಅದು ಹಾಗೆ ಕತ್ತರಿಸುವುದಿಲ್ಲ, ತೆವಳುತ್ತ ಬಂದು ಅಕ್ಷವನ್ನು ಸವರುತ್ತದೆ. ಲೋಹದೊಳಗಿನ ಎಲೆಕ್ಟ್ರಾನುಗಳೆಲ್ಲ ಒಂದೇ ಶಕ್ತಿಯಲ್ಲಿಲ್ಲ, ಕೋಣೆಯ ಕಾವಿನಿಂದಲೂ ಅವುಗಳಿಗೆ ಒಂದಿಷ್ಟು ಹೆಚ್ಚುವರಿ ಶಕ್ತಿ ಇರುತ್ತದೆ. ಆದ್ದರಿಂದ ಅತಿ ವೇಗದವು ಬಹಳ ಕಡಿಮೆ. ಅದರ ಮೇಲೆ ಇನ್ನೊಂದು ಕಾಟ: ಉತ್ಸರ್ಜಕದಿಂದ ಪ್ರತಿಫಲಿಸಿದ ಬೆಳಕು ಸಂಗ್ರಾಹಕದ ಮೇಲೆ ಬಿದ್ದು ಅಲ್ಲಿಂದಲೂ ಎಲೆಕ್ಟ್ರಾನುಗಳನ್ನು ಎಬ್ಬಿಸುತ್ತದೆ. ಅವು ಹಿಮ್ಮುಖವಾಗಿ ಹರಿಯುತ್ತವೆ. ಆಗ ಪ್ರವಾಹ ಸೊನ್ನೆಯನ್ನು ದಾಟಿ ಋಣಕ್ಕೆ ಇಳಿದು ಅಲ್ಲಿ ಸಣ್ಣ ಮೌಲ್ಯದಲ್ಲಿ ನಿಲ್ಲುತ್ತದೆ. ನಿಮ್ಮ ಉಪಕರಣದಲ್ಲಿ ಹೀಗೆ ಕಂಡರೆ, ಸೊನ್ನೆ ದಾಟಿದ ಬಿಂದುವನ್ನು ನಿಲುಗಡೆ ವಿಭವವೆಂದು ಬರೆದುಕೊಳ್ಳಬಾರದು. ಮುಂದಿನ ಪ್ರವಾಹವೂ ಹಿಂದಿನ ಪ್ರವಾಹವೂ ಸರಿಸಮವಾದ ಬಿಂದು ಮಾತ್ರ ಅದು. ನಿಜವಾದ ನಿಲುಗಡೆ ಇನ್ನೂ ಆಚೆಗಿದೆ, ಹಿಮ್ಮುಖ ಪ್ರವಾಹ ಸಮತಟ್ಟಾಗುವ ಕಡೆಗೆ. ಮಿಲಿಕನ್ ಸಂಗ್ರಾಹಕವಾಗಿ ಉತ್ಕರ್ಷಿತ ತಾಮ್ರದ ಜಾಲರಿಯನ್ನು ಬಳಸಿದ್ದು, ಪಾದರಸದ ಗೆರೆಗಳಲ್ಲಿ ಹೆಚ್ಚಿನವು ಅದರಿಂದ ಎಲೆಕ್ಟ್ರಾನು ಎಬ್ಬಿಸಲಾರವು ಎಂಬ ಕಾರಣಕ್ಕೆ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮ. ಸೋಡಿಯಂ ಮತ್ತು ತಾಮ್ರದಂಥ ಎರಡು ಬೇರೆ ಲೋಹಗಳನ್ನು ತಂತಿಯಿಂದ ಜೋಡಿಸಿದರೆ ಅವುಗಳ ನಡುವೆ ತಾನಾಗಿಯೇ ಒಂದು ವೋಲ್ಟೇಜ್ ಹುಟ್ಟುತ್ತದೆ. ಇದು ಸಂಪರ್ಕ ವಿಭವ, ಎರಡರ ಕಾರ್ಯಫಲನಗಳ ವ್ಯತ್ಯಾಸಕ್ಕೆ ಸಮ. ಬ್ಯಾಟರಿ ಸೊನ್ನೆ ವೋಲ್ಟ್ ತೋರಿಸುತ್ತಿದ್ದರೂ ಎಲೆಕ್ಟ್ರಾನು ಹಾರುವ ದಾರಿಯಲ್ಲಿ ಈ ವೋಲ್ಟೇಜ್ ಇದ್ದೇ ಇರುತ್ತದೆ. ಇದನ್ನು ಸೇರಿಸಿ ಲೆಕ್ಕ ಮಾಡಿದರೆ ಉತ್ಸರ್ಜಕದ ಕಾರ್ಯಫಲನ ಎರಡು ಕಡೆಯೂ ಬಂದು ವಜಾ ಆಗಿಹೋಗುತ್ತದೆ. ವೋಲ್ಟ್‌ಮೀಟರಿನಲ್ಲಿ ಓದುವ ನಿಲುಗಡೆ ವಿಭವ hν ಮೈನಸ್ ಸಂಗ್ರಾಹಕದ ಕಾರ್ಯಫಲನ! ಉತ್ಸರ್ಜಕ ಸೋಡಿಯಂ ಆಗಿರಲಿ, ಬೇರೆ ಲೋಹವಾಗಿರಲಿ, ತಿದ್ದದೆ ಬರೆದ ರೇಖೆ ಲಂಬ ಅಕ್ಷವನ್ನು ಮುಟ್ಟುವ ಜಾಗ ಸಂಗ್ರಾಹಕದ ಗುಣವನ್ನು ಹೇಳುತ್ತದೆ. ಸಂಗ್ರಾಹಕದ ಕಾರ್ಯಫಲನ 4.5 ಎಲೆಕ್ಟ್ರಾನ್‌ವೋಲ್ಟ್ ಇದ್ದರೆ ನಮ್ಮ 253.7 ನ್ಯಾನೋಮೀಟರ್ ಗೆರೆಗೆ ಮೀಟರು 2.59ರ ಬದಲು ಬರೀ 0.39 ವೋಲ್ಟ್ ತೋರಿಸೀತು. 365 ಗೆರೆಗಂತೂ ಸೆಳೆಯುವ ದಿಕ್ಕಿನಲ್ಲೇ 1.1 ವೋಲ್ಟ್ ಕೊಟ್ಟರೂ ಎಲೆಕ್ಟ್ರಾನು ತಲುಪಲು ಪರದಾಡುತ್ತದೆ. ಇಳಿಜಾರು ಮಾತ್ರ ಕದಲುವುದಿಲ್ಲ, 0.39ರಿಂದ ಮೈನಸ್ 1.10ರವರೆಗಿನ ಅಂತರ ಅದೇ 1.49. h ಸಿಗಲು ಈ ತಿದ್ದುಪಡಿ ಬೇಕಿಲ್ಲ, φ ಸಿಗಲು ಬೇಕೇಬೇಕು. ಮಿಲಿಕನ್ ಅದೇ ಪಾತ್ರೆಯೊಳಗೆ ಸಂಪರ್ಕ ವಿಭವವನ್ನು ಪ್ರತ್ಯೇಕವಾಗಿ ಅಳೆದು ರೇಖೆಯನ್ನು ಸರಿಸಿದರು. ಅವರಿಗೆ ಸಿಕ್ಕ ಸೋಡಿಯಂ ಹೊಸ್ತಿಲು 4.39 × 10¹⁴ ಹರ್ಟ್ಸ್, ಅಂದರೆ ಇಂದು ಶುದ್ಧ ಸೋಡಿಯಂಗೆ ಒಪ್ಪಿರುವ ಮೌಲ್ಯಕ್ಕಿಂತ ಗಣನೀಯವಾಗಿ ಕಡಿಮೆ. ಅಷ್ಟು ಹೆರೆದರೂ ಮೇಲ್ಮೈ ತನ್ನ ಆಟ ಬಿಟ್ಟಿರಲಿಲ್ಲ. ಹೊಸ್ತಿಲು ಮೇಲ್ಮೈಯ ಸ್ಥಿತಿಗೆ ಬಾಗುತ್ತದೆ, ಇಳಿಜಾರು ಬಾಗುವುದಿಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಅಂಕಿಗಳಿಲ್ಲ.

ಪುಸ್ತಕದ ನಕ್ಷೆಗಳ ಬಗ್ಗೆ ಇನ್ನೊಂದು ಮಾತು. ಒಂದೇ ತೀವ್ರತೆಯ, ಬೇರೆಬೇರೆ ಆವೃತ್ತಿಯ ಬೆಳಕಿಗೆ ಬರೆದ ಪ್ರವಾಹದ ವಕ್ರರೇಖೆಗಳು ಬಲಗಡೆ ಒಂದೇ ಸಂತೃಪ್ತ ಪ್ರವಾಹಕ್ಕೆ ಸೇರುವಂತೆ ಸಾಮಾನ್ಯವಾಗಿ ಚಿತ್ರಿಸುತ್ತಾರೆ. ಇದು ಸರಿಯಾಗಬೇಕಾದರೆ ಒಂದು ಸೆಕೆಂಡಿಗೆ ಬೀಳುವ ಗಂಟುಗಳ ಸಂಖ್ಯೆ ಒಂದೇ ಇರಬೇಕು, ಪ್ರತಿ ಗಂಟೂ ಎಲೆಕ್ಟ್ರಾನು ಎಬ್ಬಿಸುವ ಸಾಧ್ಯತೆಯೂ ಒಂದೇ ಇರಬೇಕು. ತೀವ್ರತೆಯನ್ನು ವ್ಯಾಟ್‌ಗಳಲ್ಲಿ ಸಮನಾಗಿಟ್ಟರೆ ಹೆಚ್ಚಿನ ಆವೃತ್ತಿಯ ಬೆಳಕಿನಲ್ಲಿ ಗಂಟುಗಳು ಕಡಿಮೆ, ಏಕೆಂದರೆ ಒಂದೊಂದೂ ದೊಡ್ಡದು. ಆ ಚಿತ್ರದಿಂದ ಕಲಿಯಬೇಕಾದದ್ದು ಎಡತುದಿಯ ಬೇರೆಬೇರೆ ಬಿಂದುಗಳನ್ನು ಮಾತ್ರ.

ಇನ್ನು ಉಳಿದದ್ದು ಸಮಯದ ಪ್ರಶ್ನೆ. ಯಾವ ನಕ್ಷೆಯಲ್ಲೂ ಇದು ಕಾಣುವುದಿಲ್ಲ, ಆದರೆ ಅಲೆಯ ಸಿದ್ಧಾಂತವನ್ನು ಹೆಚ್ಚು ಬಿಗಿಯಾಗಿ ಹಿಡಿಯುವುದು ಇದೇ. ಒಂದು ವ್ಯಾಟ್ ಬೆಳಕು ಚೆಲ್ಲುವ ದೀಪ ಒಂದು ಮೀಟರ್ ದೂರದಲ್ಲಿದೆ ಎನ್ನಿ. ಸೋಡಿಯಂ ಮೇಲೆ ಪ್ರತಿ ಚದರ ಮೀಟರಿಗೆ 0.08 ವ್ಯಾಟ್ ಬೀಳುತ್ತದೆ. ಅಲೆಯ ಶಕ್ತಿ ಎಲ್ಲೆಡೆ ಸಮನಾಗಿ ಹರಡಿರುವುದರಿಂದ ಒಂದು ಪರಮಾಣುವಿಗೆ ಅದರ ಮೈಯ ಅಳತೆಗೆ ತಕ್ಕ ಪಾಲು ಮಾತ್ರ ಸಿಗುತ್ತದೆ. ಪರಮಾಣುವಿನ ತ್ರಿಜ್ಯ 10⁻¹⁰ ಮೀಟರ್ ಎಂದು ಹಿಡಿದರೆ ಆ ಪಾಲು ಸುಮಾರು 2.5 × 10⁻²¹ ವ್ಯಾಟ್. ಬೇಕಾದದ್ದು 2.3 ಎಲೆಕ್ಟ್ರಾನ್‌ವೋಲ್ಟ್, ಅಂದರೆ 3.7 × 10⁻¹⁹ ಜೂಲ್. ಒಂದು ಪರಮಾಣು ಅಷ್ಟನ್ನು ಕೂಡಿಟ್ಟುಕೊಳ್ಳಲು ಎರಡೂವರೆ ನಿಮಿಷ ಬೇಕು. ದೀಪ ಹಚ್ಚಿ ಎರಡೂವರೆ ನಿಮಿಷ ಕಾದ ಮೇಲೆ ಮೊದಲ ಎಲೆಕ್ಟ್ರಾನು ಬರಬೇಕು. ಹಾಗೆ ಯಾರೂ ಕಾದಿಲ್ಲ. 1928ರಲ್ಲಿ ಅರ್ನೆಸ್ಟ್ ಲಾರೆನ್ಸ್ ಮತ್ತು ಜೆಸ್ಸಿ ಬೀಮ್ಸ್ ಈ ವಿಳಂಬ ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಮೂರು ಪಾಲಿಗಿಂತಲೂ ಕಡಿಮೆ ಎಂದು ತೋರಿಸಿದರು. ಪರಮಾಣು ತನ್ನ ಗಾತ್ರಕ್ಕಿಂತ ದೊಡ್ಡ ಪ್ರದೇಶದಿಂದ ಬೆಳಕನ್ನು ಸೆಳೆದುಕೊಳ್ಳಬಲ್ಲದು ಎಂಬ ಆಕ್ಷೇಪ ಇದೆ, ಅದು ನ್ಯಾಯವಾದದ್ದೇ. ಪರಮಾಣು ಹತ್ತು ಲಕ್ಷ ಪಟ್ಟು ದೊಡ್ಡ ಪ್ರದೇಶದಿಂದ ಸೆಳೆದರೂ ಎರಡೂವರೆ ನಿಮಿಷ ಎಂಬುದು ಸೆಕೆಂಡಿನ ಹತ್ತು ಸಾವಿರದ ಒಂದೆರಡು ಪಾಲಿಗೆ ಇಳಿಯುತ್ತದೆ. ಅಳತೆಯ ಮಿತಿ ಅದಕ್ಕಿಂತ ಹತ್ತಾರು ಸಾವಿರ ಪಟ್ಟು ಕೆಳಗಿದೆ.

ಮಿಲಿಕನ್ ಸ್ವತಃ ಏನೆಂದರು ಎಂಬುದು ಗಮನಿಸಬೇಕಾದ ವಿಷಯ. ಐನ್‌ಸ್ಟೈನ್ ಸೂತ್ರ ತಮ್ಮ ಅಳತೆಗಳಿಗೆ ಅಚ್ಚುಕಟ್ಟಾಗಿ ಹೊಂದುತ್ತದೆ ಎಂದು 1916ರಲ್ಲಿ ಬರೆದರು. ಅದೇ ಲೇಖನದಲ್ಲಿ, ಆ ಸೂತ್ರಕ್ಕೆ ಕಾರಣವಾದ ಬೆಳಕಿನ ಗಂಟಿನ ಕಲ್ಪನೆಯನ್ನು ಒಪ್ಪಲಾಗದೆಂದೂ ಬರೆದರು. ವಿವರ್ತನೆ, ವ್ಯತಿಕರಣ ಎಲ್ಲವನ್ನೂ ನಿಖರವಾಗಿ ವಿವರಿಸುವ ಅಲೆಯ ಸಿದ್ಧಾಂತವನ್ನು ಒಂದು ರೇಖೆಗಾಗಿ ಬಿಡಲು ಅವರು ಸಿದ್ಧರಿರಲಿಲ್ಲ. ಇದನ್ನು ಹಠ ಎಂದು ನಾನು ಕರೆಯಲಾರೆ. ತಮಗೆ ಬೇಡವಾದ ಸೂತ್ರದ ಪರವಾಗಿ ತಮ್ಮದೇ ಅಳತೆ ಬಂದಾಗ ಅದನ್ನು ತಿರುಚದೆ ಪ್ರಕಟಿಸಿದವರು ಅವರು. ಐನ್‌ಸ್ಟೈನ್‌ಗೆ 1921ರ ನೊಬೆಲ್ ಕೊಟ್ಟಾಗಲೂ ಸಮಿತಿ ಹೆಸರಿಸಿದ್ದು ದ್ಯುತಿವಿದ್ಯುತ್ ಪರಿಣಾಮದ ನಿಯಮವನ್ನು, ಬೆಳಕಿನ ಗಂಟನ್ನಲ್ಲ.

ಆ ಹಿಂಜರಿಕೆಯಲ್ಲಿ ಒಂದು ಸತ್ಯಾಂಶವೂ ಇತ್ತು. 1969ರಲ್ಲಿ ವಿಲ್ಲಿಸ್ ಲ್ಯಾಂಬ್ ಮತ್ತು ಮಾರ್ಲನ್ ಸ್ಕಲ್ಲಿ, ಲೋಹದ ಎಲೆಕ್ಟ್ರಾನುಗಳಿಗೆ ಕ್ವಾಂಟಮ್ ನಿಯಮ ಹಚ್ಚಿ ಬೆಳಕನ್ನು ಮಾತ್ರ ಹಳೆಯ ಅಲೆಯಾಗಿಯೇ ಉಳಿಸಿಕೊಂಡರೂ ಅದೇ ಸರಳರೇಖೆ, ಅದೇ ಹೊಸ್ತಿಲು ಬರುತ್ತದೆ ಎಂದು ತೋರಿಸಿದರು. ಹಾಗಾದರೆ ಈ ನಕ್ಷೆಗಳು ಕೆಡವಿದ್ದು ಏನನ್ನು? ಬೆಳಕೂ ಹಳೆಯ ಅಲೆ, ಲೋಹವೂ ಹಳೆಯ ಯಂತ್ರಶಾಸ್ತ್ರದ ವಸ್ತು ಎಂಬ ಜೋಡಿಯನ್ನು. ಬೆಳಕು ಮತ್ತು ಲೋಹದ ನಡುವೆ ಶಕ್ತಿ ಕೈ ಬದಲಾಯಿಸುವುದು hν ಲೆಕ್ಕದಲ್ಲಿ ಎಂಬುದನ್ನು ಅವು ಸಂದೇಹವಿಲ್ಲದಂತೆ ಹೇಳುತ್ತವೆ. ಬೆಳಕು ದಾರಿಯಲ್ಲಿರುವಾಗಲೂ ಗಂಟುಗಳಾಗಿಯೇ ಇದೆಯೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕು. 1923ರಲ್ಲಿ ಆರ್ಥರ್ ಕಾಂಪ್ಟನ್ನರ ಕ್ಷ-ಕಿರಣ ಚದುರಿಕೆಯ ಪ್ರಯೋಗ ಬಹುತೇಕ ವಿಜ್ಞಾನಿಗಳ ಮನಸ್ಸನ್ನು ಒಲಿಸಿತು. 1977ರಲ್ಲಿ ಕಿಂಬಲ್, ದಗೆನೆ ಮತ್ತು ಮ್ಯಾಂಡೆಲ್, ಪರಮಾಣುಗಳು ಹೊಮ್ಮಿಸುವ ಬೆಳಕನ್ನು ಎರಡು ಸಂವೇದಕಗಳಿಗೆ ಸಮನಾಗಿ ಸೀಳಿ ಕಳುಹಿಸಿದರು. ಎರಡೂ ಸಂವೇದಕಗಳು ಒಂದೇ ಕ್ಷಣದಲ್ಲಿ ಸದ್ದು ಮಾಡುವ ಪ್ರಸಂಗಗಳು, ಸ್ವಲ್ಪ ಅಂತರ ಬಿಟ್ಟು ಸದ್ದು ಮಾಡುವ ಪ್ರಸಂಗಗಳಿಗಿಂತ ಕಡಿಮೆ ಇದ್ದವು. ಅಲೆಯನ್ನು ಎರಡಾಗಿ ಹಂಚಬಹುದು, ಹಂಚಿದ ಅಲೆ ಎರಡು ಕಡೆಯೂ ಒಟ್ಟಿಗೇ ತಾಗುವುದನ್ನು ತಪ್ಪಿಸಲಾರದು.